ಉಳಿದದ್ದು ಬಿಡ್ರಿ, ಆದದ್ದು ಎಣಿಸ್ರಿ

(1/8)
ನೇರವಾಗಿ ಹೇಳ್ತೀನಿ. ಮುಂದಿನ ವಾರ ಎಷ್ಟು ಓದಬೇಕು ಅನ್ನೋದನ್ನ ಸಿಲೆಬಸ್ ನೋಡಿ ಬರೀಬಾರದು. ಹಿಂದಿನ ವಾರಗಳಲ್ಲಿ ನಿಜವಾಗಿ ಎಷ್ಟು ಆಯ್ತು ಅನ್ನೋದನ್ನ ನೋಡಿ ಬರೀಬೇಕು. ಅದಕ್ಕಂತ ವಾರಕ್ಕೊಂದು ಸಂಜೆ ಗಟ್ಟಿಯಾಗಿ ಇರಬೇಕು, ಹಬ್ಬ ಇರಲಿ, ಟೆಸ್ಟ್ ಇರಲಿ.

ಇದನ್ನ ಯಾಕೆ ಬರೀತಿದೀನಿ ಅಂದ್ರೆ, ಪ್ರತಿ ವರ್ಷ ನಮ್ಮ ಕಡೆ ಒಂದು ಟೈಮ್‌ಟೇಬಲ್ ಫೋನಿಂದ ಫೋನಿಗೆ ಓಡಾಡ್ತದೆ. ಯಾರೋ ಟಾಪರ್ ಬರೆದದ್ದು, ಬಣ್ಣ ಬಣ್ಣದ ಪೆನ್ನು, ದಿನಕ್ಕೆ ಇಷ್ಟು ಗಂಟೆ ಅಂತ. ಆ ಟಾಪರ್ ಟಿಳಕವಾಡಿಯ ರೂಮಿನಲ್ಲಿದ್ದು ಕಾಲೇಜಿಗೆ ನಡೆದು ಹೋಗೋರು. ಅದೇ ಹಾಳೆಯನ್ನ ಖಾನಾಪುರದ ಆಚೆಯ ಹಳ್ಳಿಯಿಂದ ಎರಡು ಬಸ್ ಬದಲಿಸಿ ಬೆಳಗಾವಿಗೆ ಬರೋ ಹುಡುಗಿ ಗೋಡೆಗೆ ಅಂಟಿಸ್ಕೋತಾಳೆ. ಎರಡು ವಾರದಲ್ಲಿ ಹಾಳೆ ಸೋಲ್ತದೆ. ಆದರೆ ಸೋತದ್ದು ಹಾಳೆ ಅಂತ ಆಕೆ ಅನ್ಕೊಳ್ಳೋದಿಲ್ಲ, "ನಾನೇ ದಡ್ಡಿ" ಅಂತಾಳೆ. ನನಗೆ ಸಿಟ್ಟು ಬರೋದು ಅಲ್ಲಿಗೇ. ಖಾನಾಪುರದಿಂದ ಬೆಳಗಾವಿ ಸುಮಾರು 25 ಕಿಲೋಮೀಟರ್, ಹಳ್ಳಿಯಿಂದ ಖಾನಾಪುರ ಮತ್ತೆ ಬೇರೆ. ಆ ದಾರಿಯನ್ನ ಲೆಕ್ಕಕ್ಕೆ ಹಿಡಿಯದ ಟೈಮ್‌ಟೇಬಲ್ ಆಕೆಯದು ಅಲ್ಲವೇ ಅಲ್ಲ.

(2/8)
ಮೊದಲು ಒಂದು ಪ್ರಶ್ನೆ. ನಮ್ಮ ಅಂದಾಜು ಪ್ರತಿ ಸಲ ಯಾಕೆ ತಪ್ಪತದೆ?

1994ರಲ್ಲಿ ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕೆಲ್ ರಾಸ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ಕೆನಡಾದಲ್ಲಿ ಇದನ್ನ ಪರೀಕ್ಷೆ ಮಾಡಿದರು. ಕೊನೇ ವರ್ಷದ ವಿದ್ಯಾರ್ಥಿಗಳಿಗೆ "ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಸ್ತೀರಿ?" ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. "ಎಲ್ಲಾ ಕೆಟ್ಟದ್ದೇ ಆದರೆ?" ಅಂದಾಗ ಸುಮಾರು 49. ನಿಜವಾಗಿ ಹಿಡಿದದ್ದು ಸುಮಾರು 55. ಅಂದ್ರೆ ಅವರ ಅತಿ ಕೆಟ್ಟ ಅಂದಾಜಿಗಿಂತ ನಿಜ ಇನ್ನೂ ನಿಧಾನ ಇತ್ತು.

ಇನ್ನೊಂದು ಪ್ರಯೋಗ ನಮಗೆ ಹೆಚ್ಚು ಬೇಕಾದದ್ದು. ಹಿಂದೆ ಇಂಥ ಕೆಲಸಕ್ಕೆ ಎಷ್ಟು ಹೊತ್ತು ಹಿಡೀತು ಅಂತ ಬರೇ ನೆನಪಿಸಿಕೊಂಡವರ ಅಂದಾಜು ಸುಧಾರಿಸಲಿಲ್ಲ. ಆ ನೆನಪನ್ನ ಈಗಿನ ಕೆಲಸಕ್ಕೆ ಜೋಡಿಸಿ ನೋಡ್ರಿ ಅಂತ ಹೇಳಿಸಿಕೊಂಡವರದು ಮಾತ್ರ ನಿಜದ ಹತ್ತಿರ ಬಂತು.

ವಾರದ ರಿವ್ಯೂ ಅಂದ್ರೆ ಇದೇ ಜೋಡಣೆ. "ಈ ವಾರ ಕಡಿಮೆ ಆಯ್ತು, ಮುಂದಿನ ವಾರ ಚಲೋ ಮಾಡೂಣು" ಅನ್ನೋದು ಬರೇ ನೆನಪು. "ಈ ವಾರ 13 ಆಯ್ತು, ಹಂಗಾದ್ರ ಮುಂದಿನ ವಾರಕ್ಕೆ 13 ಬರೀತೀನಿ" ಅನ್ನೋದು ಜೋಡಣೆ. ಎರಡನೇದು ಬರೆಯೋಕೆ ಮನಸ್ಸು ಒಪ್ಪೋದಿಲ್ಲ. ಅದಕ್ಕೇ ಕೈ ಹಿಡಿದು ಬರೆಸೋ ಒಂದು ಸಂಜೆ ಬೇಕು.

(3/8)
ಎಣಿಸಬೇಕು ಅಂದ್ರೆ ಎಣಿಸೋ ವಸ್ತು ಬೇಕು. ಗಂಟೆ ಎಣಿಸಬ್ಯಾಡ್ರಿ. ಪುಸ್ತಕ ತೆರೆದಿಟ್ಟು ಕೂತರೂ ಗಂಟೆ ಆಗತದೆ. ಚಾಪ್ಟರ್ ಎಣಿಸೋದೂ ಬ್ಯಾಡ, ಯಾಕಂದ್ರ ಒಂದು ಚಾಪ್ಟರ್ ಎರಡು ದಿನ ಹಿಡಿದರೆ ಇನ್ನೊಂದು ಎರಡು ವಾರ ಹಿಡೀತದೆ.

ನಾವು "ತುಂಡು" ಅಂತಿದ್ವಿ. ಒಂದು ತುಂಡು ಅಂದ್ರೆ ಸುಮಾರು 45 ನಿಮಿಷದ ಕೆಲಸ, ಮತ್ತು ಮುಗಿದಾಗ ಹಾಳೆ ಮೇಲೆ ಏನಾದರೂ ಉಳಿದಿರಬೇಕು. ಇಂಟಿಗ್ರೇಷನ್‌ನ ಎಂಟು ಲೆಕ್ಕ ಬಿಡಿಸಿದ್ದು ಒಂದು ತುಂಡು. ಬಯಾಲಜಿಯ ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ಎರಡು ಉತ್ತರ ಬರೆದದ್ದು ಒಂದು ತುಂಡು. ಬರೇ "ಓದಿದೆ" ಅಂದ್ರೆ ತುಂಡಲ್ಲ.

ಇನ್ನೊಂದು ನಿಯಮ: ಅರ್ಧ ಆದದ್ದು ಸೊನ್ನೆ. ಎಂಟರಲ್ಲಿ ಐದು ಲೆಕ್ಕ ಆಗಿದ್ರೆ ಅದು ಈ ವಾರದ್ದಲ್ಲ. ಉಳಿದ ಮೂರು ಭಾನುವಾರ ಮಾಡಿದರೆ ಮುಂದಿನ ವಾರದ ಲೆಕ್ಕಕ್ಕೆ ಬರತದೆ. ಇದು ಕಠಿಣ ಅನಿಸಬಹುದು. ಆದರೆ ಅರ್ಧಗಳನ್ನ ಒಪ್ಪಿಕೊಂಡರೆ ವಾರದ ಕೊನೆಗೆ "ಮುಕ್ಕಾಲು ಆಗೇತಿ, ಕಾಲು ಆಗೇತಿ" ಅಂತ ಸಂಖ್ಯೆ ಉಬ್ಬತದೆ, ಪೂರ್ತಿ ಆದದ್ದು ಏನೂ ಇರೋದಿಲ್ಲ.

ಸಾಫ್ಟ್‌ವೇರ್ ಕೆಲಸದವರಿಗೆ ಇದು ಗೊತ್ತಿರೋ ಉಪಾಯ. ಕೆಂಟ್ ಬೆಕ್, ಮಾರ್ಟಿನ್ ಫೌಲರ್ ಇಬ್ಬರೂ 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದಕ್ಕೆ "ನಿನ್ನೆಯ ಹವಾಮಾನ" ಅಂತ ಹೆಸರಿಟ್ಟರು. ಹೋದ ಸಲ ಎಷ್ಟು ಮುಗಿಸಿದ್ರೋ ಈ ಸಲವೂ ಅಷ್ಟೇ ಮುಗಿಸ್ತೀರಿ ಅಂತ ಹಿಡಿಯೋದು. ಜುಲೈನಲ್ಲಿ ಕಣಕುಂಬಿ ಕಡೆಯವರನ್ನ "ನಾಳೆ ಮಳೆ ಬರತದೇನು?" ಅಂತ ಕೇಳ್ರಿ. ಇವತ್ತು ಬಂದದ್ದನ್ನ ನೋಡಿಯೇ ಹೇಳ್ತಾರೆ, ಬಹುತೇಕ ಸರಿಯಾಗೇ ಇರತದೆ.

(4/8)
ಈಗ ಒಂದು ನಿಜವಾದ ಲೆಕ್ಕ. ಹೋದ ವರ್ಷ ನಮ್ಮ ಸೆಕೆಂಡ್ ಪಿಯು ಸೈನ್ಸ್ ಕ್ಲಾಸಿನ ಗೆಳತಿಯದು, ಆಕೆಯ ಒಪ್ಪಿಗೆ ತಗೊಂಡೇ ಬರೀತಿದೀನಿ. ಮನೆ ಖಾನಾಪುರದ ಆಚೆ, ಕಾಲೇಜು ಬೆಳಗಾವಿ.

ದಸರಾ ಮುಗಿದ ಮೇಲೆ ಆಕೆ ದಿನಕ್ಕೆ 4 ತುಂಡಿನಂಗ ಆರು ದಿನಕ್ಕೆ 24 ಅಂತ ಬರೆದಳು. ಮೊದಲ ವಾರ ಆದದ್ದು 13. ಉಳಿದ 11ನ್ನ ಮುಂದಿನ ವಾರಕ್ಕೆ ಸೇರಿಸಿದಳು, ಟಾರ್ಗೆಟ್ 35 ಆಯ್ತು. ಆ ವಾರ ಆದದ್ದು 15. ಉಳಿದ 20 ಸೇರಿಸಿ ಮೂರನೇ ವಾರಕ್ಕೆ 44. ಆ ವಾರ ದೀಪಾವಳಿ, ರಾಜ್ಯೋತ್ಸವ ಎರಡೂ ಬಂದವು, ಆದದ್ದು 11.

ಇಲ್ಲಿ ಎರಡು ಸಾಲು ಅಕ್ಕಪಕ್ಕ ಇಟ್ಟು ನೋಡ್ರಿ. ಟಾರ್ಗೆಟ್ 24, 35, 44 ಅಂತ ಏರಿತು. ಕೆಲಸ 13, 15, 11 ಅಂತ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಟಾರ್ಗೆಟ್ ದೊಡ್ಡದು ಮಾಡಿದ್ದರಿಂದ ಕೆಲಸ ಹೆಚ್ಚಾಗಲಿಲ್ಲ. ಆಕೆ ಮಾಡಿದ್ದು ಕಡಿಮೆಯೂ ಅಲ್ಲ. ದಿನಾ ಎರಡು ಊರು ದಾಟಿ ಬಂದು ವಾರಕ್ಕೆ 13 ತುಂಡು ಅಂದ್ರೆ ಸಣ್ಣ ಮಾತಲ್ಲ. ಆದರೆ 44ರ ಪಕ್ಕ 11 ಬರೆದಾಗ ಅದು ಫೇಲ್ ಆದಂಗ ಕಾಣತದೆ.

"ಟಾರ್ಗೆಟ್ ದೊಡ್ಡದಿರಲಿ, ಅರ್ಧನಾದರೂ ಆಗತದೆ" ಅಂತ ಮನೇಲಿ, ಟ್ಯೂಷನ್‌ನಲ್ಲಿ ಹೇಳ್ತಾರೆ. ಅವರು ಕೇಳದ ಪ್ರಶ್ನೆ ಒಂದೈತಿ: ಯಾವ ಅರ್ಧ? ಆಕೆಯ ಪಟ್ಟಿಯಲ್ಲಿ ಆದ ಅರ್ಧ ಯಾವಾಗಲೂ ಬಯಾಲಜಿ. ಉಳಿದ ಅರ್ಧ ಯಾವಾಗಲೂ ಇಂಟಿಗ್ರೇಷನ್ ಮತ್ತು ಆರ್ಗ್ಯಾನಿಕ್ ಕೆಮಿಸ್ಟ್ರಿ. ಪಟ್ಟಿ ಉದ್ದ ಇದ್ದಷ್ಟೂ ಸುಲಭದ್ದನ್ನ ಆರಿಸಿಕೊಳ್ಳೋಕೆ ಜಾಗ ಹೆಚ್ಚು. ಸಣ್ಣ ಪಟ್ಟಿಯಲ್ಲಿ ಕಷ್ಟದ್ದು ಅಡಗಿ ಕೂರೋಕೆ ಆಗೂದಿಲ್ಲ.

(5/8)
ಶನಿವಾರ ಸಂಜೆ 7 ಗಂಟೆ. ಕರೆಂಟ್ ಹೋದರೂ ನಡೀಬೇಕು ಅಂತ ಆ್ಯಪ್ ಇಲ್ಲ, ನೂರು ಪೇಜಿನ ನೋಟ್‌ಬುಕ್ ಅಷ್ಟೇ. ಅರ್ಧ ಗಂಟೆಗಿಂತ ಹೆಚ್ಚು ಹಿಡೀಬಾರದು. ಮಾಡೋದು ಇಷ್ಟು.

ಮುಗಿದ ತುಂಡು ಎಣಿಸಿ ಒಂದು ಸಂಖ್ಯೆ ಬರೀರಿ. ಅದರ ಪಕ್ಕ ಆ ವಾರಕ್ಕೆ ಅಡ್ಡ ಬಂದದ್ದನ್ನ ಒಂದೇ ಪದದಲ್ಲಿ ಬರೀರಿ: ಹಬ್ಬ, ಜ್ವರ, ಬಸ್, ಮನೆಕೆಲಸ. ಏನೂ ಇಲ್ಲದಿದ್ದರೆ ಖಾಲಿ ಬಿಡ್ರಿ, ಸುಳ್ಳು ಕಾರಣ ಬೇಡ.

ಆಮೇಲೆ ಕೊನೆಯ ಮೂರು ವಾರದ ಸಂಖ್ಯೆ ತಗೊಂಡು ನಡುವಿನದನ್ನ ಹಿಡೀರಿ. 13, 15, 11ರಲ್ಲಿ ನಡುವಿನದು 13. ಮುಂದಿನ ವಾರದ ಟಾರ್ಗೆಟ್ ಅದೇ. ಸರಾಸರಿ ಯಾಕಲ್ಲ? ಒಂದು ವಾರ ಜ್ವರ ಬಂದು 3 ತುಂಡು ಆದರೆ ಸರಾಸರಿ ಧಡಕ್ಕನೆ ಬೀಳತದೆ. ನಡುವಿನ ಸಂಖ್ಯೆ ಒಂದು ಕೆಟ್ಟ ವಾರಕ್ಕಾಗಲಿ, ಒಂದು ಭಾರೀ ಚಲೋ ವಾರಕ್ಕಾಗಲಿ ಅಷ್ಟು ಅಲುಗಾಡೋದಿಲ್ಲ.

ಮುಂದಿನ ವಾರದಲ್ಲಿ ಕೆಲಸ ಆಗೋದಿಲ್ಲ ಅಂತ ಈಗಲೇ ಗೊತ್ತಿರೋ ದಿನಗಳನ್ನ ಕಳೀರಿ. ಉಳಿದದ್ದಕ್ಕೆ ತುಂಡುಗಳ ಹೆಸರು ಬರೀರಿ, ಕಷ್ಟದ ಎರಡು ತುಂಡು ಸೋಮವಾರ ಮಂಗಳವಾರಕ್ಕೆ ಹಾಕ್ರಿ. ಹಳೇ ಬಾಕಿ ಸೇರಿಸೋದು ಇಲ್ಲ. ಬಾಕಿ ಉಳಿದ ತುಂಡು ಬೇಕೇ ಬೇಕು ಅಂದ್ರೆ ಅದು 13ರ ಒಳಗೇ ಜಾಗ ಕೇಳಬೇಕು, 13ರ ಮೇಲೆ ಹತ್ತಿ ಕೂರಬಾರದು. ಮುಗೀತು, ನೋಟ್‌ಬುಕ್ ಮುಚ್ಚಿ ಊಟಕ್ಕೆ ಹೋಗ್ರಿ.

ದಿನ ಫಿಕ್ಸ್ ಯಾಕೆ ಅಂತ ಕೇಳ್ತೀರಿ. ಮನಸ್ಸು ಬಂದಾಗ ರಿವ್ಯೂ ಮಾಡೂಣು ಅಂದ್ರೆ ಚಲೋ ಆದ ವಾರ ಮಾತ್ರ ಮನಸ್ಸು ಬರತದೆ. ಕೆಟ್ಟ ವಾರದ ಸಂಖ್ಯೆ ನೋಟ್‌ಬುಕ್ಕಿಗೆ ಹತ್ತೋದೇ ಇಲ್ಲ. ಆಮೇಲೆ ಬರೇ ಚಲೋ ವಾರಗಳ ಮೇಲೆ ನಿಂತ ಟಾರ್ಗೆಟ್ ಮತ್ತೆ ಸುಳ್ಳಾಗತದೆ. ಭಾನುವಾರ ರಾತ್ರಿ ಬೇಡ ಅನ್ನೋಕೂ ಕಾರಣ ಐತಿ. "ಇನ್ನೊಂದು ತುಂಡು ಮುಗಿಸಿ ಎಣಿಸೂಣು" ಅಂತ ವಾರವನ್ನ ಎಳೀತಾ ಹೋಗ್ತೀವಿ, ಎಣಿಕೆ ಸೋಮವಾರಕ್ಕೆ ಜಾರತದೆ.

(6/8)
ಗೆಳತಿಯ ಲೆಕ್ಕ ಮುಂದುವರಿಸ್ತೀನಿ, ಯಾಕಂದ್ರ ಕಷ್ಟದ ಭಾಗ ಇಲ್ಲೇ ಇರೋದು.

ಮೂರು ವಾರ ಮುಗಿದಾಗ ಪ್ರಿಪರೇಟರಿ ಪರೀಕ್ಷೆಗೆ 10 ವಾರ ಇತ್ತು. ಸಿಲೆಬಸ್ಸಿನಲ್ಲಿ ಉಳಿದದ್ದು 170 ತುಂಡು. ವಾರಕ್ಕೆ 13 ಅಂದ್ರೆ 10 ವಾರಕ್ಕೆ 130. ಕೊರತೆ 40. ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ "ಹಂಗಾದ್ರ ವಾರಕ್ಕೆ 17" ಅಂತ ಬರೆಯೋಕೆ ಹೋಗತದೆ. ನನ್ನ ಇಡೀ ವಾದ ಇರೋದು ಈ 17ರ ವಿರುದ್ಧ. 17 ಅನ್ನೋದು ಸಿಲೆಬಸ್ಸಿಗೆ ಬೇಕಾದ ಸಂಖ್ಯೆ, ಆಕೆಯ ವಾರ ಕೊಡೋ ಸಂಖ್ಯೆ ಅಲ್ಲ. ಕೊರತೆ ತುಂಬೋಕೆ ಎರಡೇ ದಾರಿ: ವಾರವನ್ನ ಬದಲಿಸೋದು, ಇಲ್ಲಾ ಕೆಲಸವನ್ನ ಕಡಿಮೆ ಮಾಡೋದು. ಟಾರ್ಗೆಟ್ ತಿದ್ದೋದು ಮೂರನೇ ದಾರಿ ಅಲ್ಲ.

ಮೊದಲು ವಾರ. ಕಾರಣದ ಪದಗಳನ್ನ ನೋಡಿದಾಗ "ನಿದ್ದೆ" ಅಂತ ಮತ್ತೆ ಮತ್ತೆ ಇತ್ತು. ರಾತ್ರಿ 9ರ ಮೇಲೆ ಇಟ್ಟ ತುಂಡು ಬಹುತೇಕ ಆಗೇ ಇರಲಿಲ್ಲ. ಬಸ್ಸಿನಲ್ಲಿ ನಿಂತು ಬಂದ ಮೈಗೆ ಅದು ಸಹಜ. ಆಕೆ ರಾತ್ರಿಯ ತುಂಡು ತೆಗೆದು ಹಾಕಿದಳು. ಬದಲಿಗೆ ಕ್ಲಾಸ್ ಮುಗಿದ ಮೇಲೆ ಕಾಲೇಜಿನ ಲೈಬ್ರರಿಯಲ್ಲೇ ಒಂದು ತುಂಡು ಮುಗಿಸಿ ಮುಂದಿನ ಬಸ್ ಹಿಡಿಯೋಕೆ ಶುರು ಮಾಡಿದಳು. ಅವ್ವನ ಜೊತೆ ಮಾತಾಡಿ, ಕತ್ತಲಾಗೋ ಮೊದಲು ಮನೆ ಮುಟ್ಟೋ ಬಸ್ ಅಂತ ಒಪ್ಪಿಸಿದ ಮೇಲೆ.

ಆದರೂ ಟಾರ್ಗೆಟ್ 13ರಲ್ಲೇ ಇಟ್ಟಳು. ನಾಲ್ಕನೇ ವಾರ ಆದದ್ದು 13. ಐದನೇ ವಾರ 15. ಆರನೇ ವಾರ 16. ಈಗ ನಡುವಿನ ಸಂಖ್ಯೆ 15, ಏಳನೇ ವಾರಕ್ಕೆ ಟಾರ್ಗೆಟ್ 15. ನೋಡ್ರಿ, ಟಾರ್ಗೆಟ್ ಏರಿತು, ಆದರೆ ಕೆಲಸ ಏರಿದ ಮೇಲೆ ಏರಿತು. ಮೊದಲು ಮಾಡಿ ತೋರಿಸು, ಆಮೇಲೆ ಬರಿ.

(7/8)
ಆರು ವಾರ ಮುಗಿದಾಗ ಉಳಿದದ್ದು 126 ತುಂಡು, ಉಳಿದ ವಾರ 7. ವಾರಕ್ಕೆ 15 ಅಂದ್ರೆ 105. ಕೊರತೆ 21ಕ್ಕೆ ಇಳಿದಿತ್ತು. ಆದರೆ ಏಳನೇ ವಾರ ಮನೇಲಿ ಭತ್ತದ ಒಕ್ಕಣೆ, ಎರಡು ದಿನ ಪುಸ್ತಕ ಮುಟ್ಟೋಕೆ ಆಗೂದಿಲ್ಲ ಅಂತ ಆಕೆಗೆ ಮೊದಲೇ ಗೊತ್ತು. ಆರು ದಿನಕ್ಕೆ 15 ಅಂದ್ರೆ ಎರಡು ದಿನಕ್ಕೆ 5. ಟಾರ್ಗೆಟ್ 10 ಬರೆದಳು, ಕೊರತೆ 26 ಅಂತ ಒಪ್ಪಿಕೊಂಡಳು.

ಈಗ ಎರಡನೇ ದಾರಿ, ಕೆಲಸ ಕಡಿಮೆ ಮಾಡೋದು. ಇದನ್ನ ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲರೂ ಮಾಡೇ ಮಾಡ್ತೀವಿ, ಅಳ್ಕೋತ, ಕೈಗೆ ಸಿಕ್ಕದ್ದನ್ನ ಬಿಟ್ಟು. ಆಕೆ ಏಳು ವಾರ ಮೊದಲೇ ಕೂತು ಮಾಡಿದಳು. ಇಲಾಖೆಯ ಬ್ಲೂಪ್ರಿಂಟ್ ತೆಗೆದು ಯಾವ ಚಾಪ್ಟರಿಗೆ ಎಷ್ಟು ಮಾರ್ಕ್ಸ್ ಅಂತ ನೋಡಿದಳು. ಗೊತ್ತಿರೋ ಬಯಾಲಜಿ ಭಾಗಗಳನ್ನ ಎರಡನೇ ಸಲ ಬರೆಯೋ ತುಂಡುಗಳನ್ನ ಮೊದಲು ಹೊಡೆದಳು, ಆಮೇಲೆ ಕಡಿಮೆ ಮಾರ್ಕ್ಸಿನ ಎರಡು ಚಾಪ್ಟರುಗಳನ್ನ ಬರೇ ಸೂತ್ರ ಮತ್ತು ಚಿತ್ರಕ್ಕೆ ಇಳಿಸಿದಳು. ಇಂಟಿಗ್ರೇಷನ್ ಮುಟ್ಟಲಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಮಾರ್ಕ್ಸ್ ಅರ್ಧ, ಸಿಇಟಿ ಅರ್ಧ ಲೆಕ್ಕಕ್ಕೆ ಬರತದೆ, ಗಣಿತ ಎರಡೂ ಕಡೆ ಇರತದೆ. ಬಿಡೋದಾದರೆ ಯೋಚಿಸಿ ಬಿಡಬೇಕು, ಆಯಾಸಕ್ಕೆ ಬಿಡಬಾರದು. ವಾರದ ಲೆಕ್ಕ ಆಕೆಗೆ ಕೊಟ್ಟದ್ದು ಆ ಏಳು ವಾರದ ಮುನ್ಸೂಚನೆ.

(8/8)
ಈ ಪದ್ಧತಿ ಎಲ್ಲಿ ಕೆಡತದೆ ಅಂತಲೂ ಹೇಳಬೇಕು, ಇಲ್ಲಾಂದ್ರ ಅರ್ಧ ಹೇಳಿದಂಗ.

ಒಂದು, ಟಾರ್ಗೆಟ್ ಕೆಳಗೆ ಜಾರೋದು. 13 ಬರೆದು ಗುರುವಾರಕ್ಕೇ 13 ಮುಗಿಸಿ, "ಆಯ್ತಲ್ಲ" ಅಂತ ಮೂರು ದಿನ ಸುಮ್ಮನಿದ್ದರೆ ಸಂಖ್ಯೆ ಯಾವತ್ತೂ ಮೇಲೆ ಬರೋದಿಲ್ಲ. ನಿಮ್ಮ ಆದ ಸಂಖ್ಯೆ ಪ್ರತಿ ವಾರ ಟಾರ್ಗೆಟ್ಟಿಗೆ ಸರಿಯಾಗಿ ಸಮ ಬರ್ತಿದ್ರೆ ಅನುಮಾನ ಪಡ್ರಿ. ನಿಜವಾದ ವಾರ ಅಷ್ಟು ನೀಟಾಗಿ ಇರೋದಿಲ್ಲ. ಬೇಗ ಮುಗಿದರೆ ಮುಂದಿನ ತುಂಡು ಎತ್ತಿಕೊಳ್ರಿ, ಅದನ್ನೂ ಎಣಿಸ್ರಿ.

ಎರಡು, ತುಂಡು ಸಣ್ಣದಾಗೋದು. ಎಂಟು ಲೆಕ್ಕ ಇದ್ದದ್ದು ಐದಾಗಿ, ಸಂಖ್ಯೆ ಮಾತ್ರ ಏರ್ತಿರತದೆ. ತಿಂಗಳಿಗೊಮ್ಮೆ ಹಳೇ ಹಾಳೆ ತೆಗೆದು ಇವತ್ತಿನ ತುಂಡಿನ ಪಕ್ಕ ಇಡ್ರಿ. ಕಣ್ಣಿಗೇ ಗೊತ್ತಾಗತದೆ.

ಮೂರು, ಒಂದೇ ತುಂಡು ಮೂರು ವಾರ ಪಟ್ಟಿಯಲ್ಲೇ ಕೂತಿದ್ರೆ ಅದು ಸಮಯದ ಸಮಸ್ಯೆ ಅಲ್ಲ. ಅದು ನಿಮಗೆ ಬರೋದಿಲ್ಲ. ಅದನ್ನ ನಾಲ್ಕನೇ ವಾರಕ್ಕೆ ಬರೀಬ್ಯಾಡ್ರಿ, ಆ ಜಾಗದಲ್ಲಿ "ಸರ್‌ಗೆ ಕೇಳೋದು" ಅಂತ ಬರೀರಿ. ಹಂಗೇ ಒಂದೇ ಕಾರಣದ ಪದ ನಾಲ್ಕು ವಾರದಲ್ಲಿ ಮೂರು ಸಲ ಬಂದರೆ ಅದನ್ನ ಅಡ್ಡಿ ಅನ್ನಬ್ಯಾಡ್ರಿ. "ಬಸ್ ಲೇಟ್" ಮೂರು ಸಲ ಅಂದ್ರೆ ಬಸ್ ಲೇಟಾಗೋದೇ ನಿಮ್ಮ ವಾರ.

ಇದಕ್ಕೊಂದು ಮಿತಿನೂ ಐತಿ. ಈ ಸಂಜೆ ಯಾರಿಗೂ ಹೊಸ ಗಂಟೆ ಕೊಡೋದಿಲ್ಲ. ದಿನಾ ಎರಡು ಬಸ್ ಹತ್ತೋರಿಗೂ ಟಿಳಕವಾಡಿಯ ರೂಮಿನವರಿಗೂ ಇರೋ ಅಂತರ ನೋಟ್‌ಬುಕ್ಕಿನಿಂದ ಮುಚ್ಚೋದಿಲ್ಲ. ಅದಕ್ಕೆ ಹಾಸ್ಟೆಲ್ ಸೀಟು, ಸರಿಯಾದ ಹೊತ್ತಿಗೆ ಬಸ್ಸು ಬೇಕು, ಅದನ್ನ ಕೇಳಲೇಬೇಕು. ಕೇಳುವಾಗಲೂ ಈ ಲೆಕ್ಕ ಕೆಲಸಕ್ಕೆ ಬರತದೆ. "ನಮಗೆ ತೊಂದರೆ ಆಗ್ತೈತಿ" ಅನ್ನೋದಕ್ಕಿಂತ "ಹತ್ತು ವಾರದಲ್ಲಿ ಆರು ವಾರ ಬಸ್ಸಿನಿಂದ ಓದು ತಪ್ಪೇತಿ" ಅಂತ ದಿನಾಂಕ ಸಮೇತ ತೋರಿಸೋದು ಗಟ್ಟಿ.

ಇಷ್ಟಾದ ಮೇಲೂ ಯಾರಾದ್ರೂ ಬಣ್ಣದ ಟೈಮ್‌ಟೇಬಲ್ ಕಳಿಸಿದರೆ ಒಂದೇ ಪ್ರಶ್ನೆ ವಾಪಸ್ ಕಳಿಸ್ರಿ: "ಇದರಾಗ ಹೋದ ಮೂರು ವಾರ ಎಷ್ಟು ಆಯ್ತು?" ಉತ್ತರ ಬಂದರೆ ಕೂತು ಓದ್ರಿ. ಬರದಿದ್ದರೆ ಅದು ಚಿತ್ರ ಅಷ್ಟೇ, ಲೈಕ್ ಕೊಟ್ಟು ಮುಂದೆ ಹೋಗ್ರಿ.

ಈ ಶನಿವಾರ 7ಕ್ಕೆ ಎಣಿಸಿದವರು ಟಾರ್ಗೆಟ್ ಬೇಡ, ಆದ ಸಂಖ್ಯೆ ಒಂದನ್ನೇ ಕೆಳಗೆ ಕಾಮೆಂಟ್ ಮಾಡ್ರಿ. 4 ಇದ್ದರೂ ಬರೀರಿ.

#ಬೆಳಗಾವಿ #ಖಾನಾಪುರ #ಸೆಕೆಂಡ್‌ಪಿಯು #ಶನಿವಾರದಲೆಕ್ಕ